ಸಜ್ಜೆ ಹಿಟ್ಟಿನ ಚೀಲಕ್ಕೆ ಬೇಕಾದ ಕಥೆ

"ಸಂಘದ ಹೆಣ್ಣುಮಕ್ಕಳ ಪ್ಯಾಕೆಟ್ ಮೇಲೆ 'ನಮ್ಮ ಕಥೆ' ಅಂತ ಏನು ಬರೆಯಬೇಕು?"

ಬೀಸಿದ ದಿನದ ಕಥೆ ಬರೆಯಿರಿ. ನಮ್ಮ ಸಂಘ ಚಿಂಚೋಳಿ ಕಡೆಯದು. ಮೊದಲು ನಾವೂ ಅಜ್ಜಿ ಕಾಲದ ರುಚಿ, ಮಣ್ಣಿನ ವಾಸನೆ ಅಂತೆಲ್ಲಾ ಬರೆಸಿದ್ದೆವು. ಕಲಬುರಗಿಯ ಮನೆಗಳಿಂದ ಬಂದ ಫೋನ್ ಮಾತ್ರ ಒಂದೇ: "ಅಕ್ಕಾ, ರೊಟ್ಟಿ ಕಹಿ ಆಗ್ಯಾವ." ಕಾಳು ಚೆನ್ನಾಗಿಯೇ ಇತ್ತು. ತಪ್ಪು ನಮ್ಮದು, ತಿಂಗಳಿಗಾಗುವಷ್ಟು ಹಿಟ್ಟನ್ನು ಒಮ್ಮೆಲೇ ಬೀಸಿಡುತ್ತಿದ್ದೆವು.

ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆಯಂಶ ಜಾಸ್ತಿ. ಕಾಳು ಇಡಿಯಾಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಬೀಸಿದ ಮೇಲೆ ಆ ಎಣ್ಣೆ ಕೆಡಲು ಶುರುವಾಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ವಾರ ಹತ್ತು ದಿನದಲ್ಲೇ ಕಮಟು ವಾಸನೆ ಬರಬಹುದು. ಒಂದು ಚಿಟಿಕೆ ನಾಲಿಗೆ ಮೇಲಿಟ್ಟರೆ ಗೊತ್ತಾಗುತ್ತದೆ.

ಈಗ ಬಂದ ಆರ್ಡರ್‌ ಎಷ್ಟೋ ಅಷ್ಟೇ ಗುರುವಾರ ಬೀಸುತ್ತೇವೆ. ಗಿರಣಿಯ ಬಿಸಿ ಹಿಟ್ಟನ್ನು ಹಾಗೇ ತುಂಬಿದರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ. ಅದಕ್ಕೆ ಬಟ್ಟೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ 1 ಕಿಲೋ ಚೀಲಕ್ಕೆ ಹಾಕುತ್ತೇವೆ. ಶನಿವಾರ ಮನೆ ಬಾಗಿಲಿಗೆ. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಊರು, ಕೊಯ್ಲಿನ ತಿಂಗಳು, ಬೀಸಿದ ದಿನ. ಕೆಳಗೆ ಒಂದು ಸಾಲು: "ಹತ್ತು ದಿನದೊಳಗೆ ರೊಟ್ಟಿ ಮಾಡಿ, ಉಳಿದರೆ ಫ್ರಿಜ್‌ನಲ್ಲಿಡಿ." ಹೆಚ್ಚು ದಿನ ಇಡುವವರಿಗೆ ಹಿಟ್ಟು ಬೇಡ ಅಂತ ನಾವೇ ಹೇಳಿ, ಕಾಳು ಕೊಡುತ್ತೇವೆ. ಹೀಗೆ ಮಾಡಿದ್ದರಿಂದ ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಅಂತ ಆ ಕಹಿ ಅಂದ ಮನೆಯವರೇ ಮತ್ತೆ ಫೋನ್ ಮಾಡಿದರು.