ಟ್ಯಾರೋ ಕಾರ್ಡು ಕಲಸುವ ರೀತಿ ಓದನ್ನು ಬದಲಿಸುತ್ತದೆಯೇ?

ಟ್ಯಾರೋ ಡೆಕ್‌ನಲ್ಲಿ 78 ಕಾರ್ಡುಗಳಿರುತ್ತವೆ. ಅವುಗಳನ್ನು ಕಲಸುವುದಕ್ಕೆ, ಕಟ್ ಮಾಡುವುದಕ್ಕೆ, ಅದರಿಂದ ಕೆಲವನ್ನು ತೆಗೆಯುವುದಕ್ಕೆ ಒಬ್ಬೊಬ್ಬ ರೀಡರ್ ಒಂದೊಂದು ಕ್ರಮವನ್ನು ಇಟ್ಟುಕೊಂಡಿರುತ್ತಾರೆ. ಈ ಕ್ರಮದಿಂದ ಓದಿನಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ. ಕಾರ್ಡುಗಳು ಭವಿಷ್ಯವನ್ನು ಹೇಳುತ್ತವೆಯೇ ಎಂಬುದು ಬೇರೆಯದೇ ಚರ್ಚೆ. ಇಬ್ಬರೂ ಅದಕ್ಕೆ ಕೈ ಹಾಕಿಲ್ಲ.

ಪರ: ಕ್ರಮ ಬದಲಾದರೆ ಓದೂ ಬದಲಾಗುತ್ತದೆ

ಕಾರ್ಡುಗಳ ಅರ್ಥವನ್ನು ಕಲಿಸುವವರು ಕಲಸುವ ವಿಷಯಕ್ಕೆ ಬಂದಾಗ 'ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ' ಎಂದು ಹೇಳಿ ಮುಂದೆ ಹೋಗುವುದುಂಟು. ನನಗೆ ಈ ಉದಾರತೆ ಒಪ್ಪಿಗೆಯಿಲ್ಲ. ಮೇಜಿನ ಮೇಲೆ ಯಾವ ಬಗೆಯ ಕಾರ್ಡು ಬರಬಹುದು, ಯಾವುದು ಬರಲಾರದು ಎಂಬುದನ್ನು ಅರ್ಥ ಹೇಳುವ ಮೊದಲೇ ಕೈ ನಿರ್ಧರಿಸಿರುತ್ತದೆ.

ತಲೆಕೆಳಗಾದ ಕಾರ್ಡುಗಳ ವಿಷಯವನ್ನೇ ನೋಡೋಣ. ನೆಟ್ಟಗೆ ಬಂದ ಕಾರ್ಡಿಗೆ ಒಂದು ಅರ್ಥ, ತಲೆಕೆಳಗಾಗಿ ಬಂದುದಕ್ಕೆ ಇನ್ನೊಂದು ಎಂಬ ಪದ್ಧತಿಯನ್ನು 18ನೆಯ ಶತಮಾನದ ಪ್ಯಾರಿಸ್‌ನಲ್ಲಿ ಎತ್ತೇಯ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಲಿಯೆಟ್ ಬೋಧಿಸಿದ್ದ, ಮತ್ತು ಅದು ಇಂದಿಗೂ ಬಹುಮಂದಿ ರೀಡರ್‌ಗಳ ರೂಢಿಯಲ್ಲಿದೆ. ಆದರೆ ಡೆಕ್ಕನ್ನು ಎರಡು ಭಾಗ ಮಾಡಿ, ಅಂಚುಗಳನ್ನು ಹೆಬ್ಬೆರಳಿನಿಂದ ಬಿಡುತ್ತಾ ಒಂದರೊಳಗೊಂದು ಸೇರಿಸುವ ರಿಫಲ್ ಶಫಲ್‌ನಲ್ಲಿ ಯಾವ ಕಾರ್ಡೂ ತಾನಾಗಿ ತಿರುಗುವುದಿಲ್ಲ. ಪ್ರತಿ ಓದಿನ ನಂತರ ಎಲ್ಲವನ್ನೂ ನೆಟ್ಟಗೆ ಜೋಡಿಸಿ, ರಿಫಲ್ ಮಾತ್ರ ಮಾಡುವ ರೀಡರ್‌ಗೆ ವರ್ಷವಿಡೀ ಒಂದು ತಲೆಕೆಳಗಾದ ಕಾರ್ಡೂ ಬರಲಾರದು. ಅದೇ ಡೆಕ್ಕನ್ನು ಬಟ್ಟೆಯ ಮೇಲೆ ಮುಖ ಕೆಳಗಾಗಿ ಹರಡಿ, ಎರಡೂ ಅಂಗೈಗಳಿಂದ ಸುತ್ತಿಸುತ್ತಾ ಕಲಸುವವರಿಗೆ ಸುಮಾರು ಅರ್ಧದಷ್ಟು ಕಾರ್ಡುಗಳು ತಿರುಗಿರುತ್ತವೆ. ಕೆಲ್ಟಿಕ್ ಕ್ರಾಸ್ ಎಂಬ ಹತ್ತು ಕಾರ್ಡಿನ ಜೋಡಣೆಯನ್ನು ಹಾಕಿದರೆ ಸರಾಸರಿ ಐದು ತಲೆಕೆಳಗಾಗಿ ಬರುತ್ತವೆ. ಹೀಗೆ ಕಲಸುವವರ ಬಳಿ ಪ್ರಶ್ನೆ ಕೇಳಲು ಹೋದ ಪೃಚ್ಛಕನಿಗೆ ತಲೆಕೆಳಗಾದ ಕಾರ್ಡುಗಳಿಗೆ ಹೇಳುವ ತಡೆ, ವಿಳಂಬ, ಒಳಗೊಳಗಿನ ಕುದಿ ಎಂಬ ಮಾತುಗಳೇ ಕೇಳಿಸುತ್ತವೆ; ಇನ್ನೊಬ್ಬರ ಬಳಿ ಹೋದವನಿಗೆ ಅವು ಅಷ್ಟಾಗಿ ಕೇಳಿಸುವುದಿಲ್ಲ. ಈ ವ್ಯತ್ಯಾಸಕ್ಕೆ ಪ್ರಶ್ನೆಯೂ ಕಾರಣವಲ್ಲ, ರೀಡರ್‌ನ ಸ್ವಭಾವವೂ ಕಾರಣವಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಅಂಶವನ್ನು ಹೊಸಬರು ಗಮನಿಸುವುದೇ ಇಲ್ಲ. ಮುಖ ಕೆಳಗಾಗಿರುವ ಕಾರ್ಡನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಅದು ಇದ್ದ ದಿಕ್ಕಿನಲ್ಲೇ ಉಳಿಯುತ್ತದೆ. ಕೆಳಗಿನ ಅಂಚನ್ನು ಹಿಡಿದು ಮೇಲಕ್ಕೆ ಮಗುಚಿದರೆ ನೆಟ್ಟಗಿದ್ದದ್ದು ತಲೆಕೆಳಗಾಗುತ್ತದೆ. ಮೇಜಿನ ಆಚೆ ಕುಳಿತ ಪೃಚ್ಛಕನಿಗೆ ಡೆಕ್ ಕೊಟ್ಟು ಮರಳಿ ಪಡೆಯುವಾಗ ಅದು ತಿರುಗಿ ಬಂದರಂತೂ ಇಡೀ ಓದೇ ಮಗುಚಿಕೊಳ್ಳುತ್ತದೆ. ಯಾರ ಕಡೆಯಿಂದ ನೋಡಿ ನೆಟ್ಟಗೆ ಎಂದು ಹೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದ ರೀಡರ್‌ಗೆ ತಾನು ಓದುತ್ತಿರುವುದು ಯಾವುದನ್ನು ಎಂಬುದೇ ತಿಳಿದಿರುವುದಿಲ್ಲ.

ಎರಡನೆಯದಾಗಿ, ಕಟ್ ಮಾಡುವುದೇ ಓದಿನ ಮೊದಲ ಹೆಜ್ಜೆಯಾಗಿರುವ ಪದ್ಧತಿಗಳಿವೆ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗೂಢ ಸಂಘದ ದೀರ್ಘ ಕ್ರಮದಲ್ಲಿ ಪೃಚ್ಛಕನನ್ನು ಸೂಚಿಸುವ ಒಂದು ಕಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಡೆಕ್ಕನ್ನು ಎರಡಾಗಿ, ಆ ಎರಡನ್ನು ನಾಲ್ಕಾಗಿ ಕಟ್ ಮಾಡುತ್ತಾರೆ. ಸೂಚಕ ಕಾರ್ಡು ಮೊದಲ ರಾಶಿಯಲ್ಲಿ ಸಿಕ್ಕರೆ ವಿಷಯ ಉದ್ಯೋಗದ್ದು, ಎರಡನೆಯದರಲ್ಲಿ ಪ್ರೇಮ ಅಥವಾ ಮದುವೆಯದ್ದು, ಮೂರನೆಯದರಲ್ಲಿ ಜಗಳ ಮತ್ತು ನಷ್ಟದ್ದು, ನಾಲ್ಕನೆಯದರಲ್ಲಿ ಹಣಕಾಸಿನದು. ಅನಂತರ ಆ ರಾಶಿಯ ಕ್ರಮವನ್ನು ಕದಲಿಸದೆ ಹರಡಿ, ಅಕ್ಕಪಕ್ಕದ ಕಾರ್ಡುಗಳಿಗೆ ಸೇರಿದ ಬೆಂಕಿ, ನೀರಿನಂಥ ಧಾತುಗಳು ಒಂದಕ್ಕೊಂದು ಮಿತ್ರವೋ ಶತ್ರುವೋ ಎಂದು ನೋಡಿ ಬಲಾಬಲ ಹೇಳುತ್ತಾರೆ. ಇಲ್ಲಿ ತಲೆಕೆಳಗಿನ ಅರ್ಥಗಳ ಗೊಡವೆಯೇ ಇಲ್ಲ. ಇಂಥ ಪದ್ಧತಿಯಿಂದ ಕಟ್ ಮಾಡುವುದನ್ನು ತೆಗೆದುಹಾಕಿದರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಹೀಗೆ ನೆರೆಹೊರೆಯನ್ನು ಓದುವವರಿಗೆ ಕಲಸುವಿಕೆಯ ಗುಣವೇ ಸರ್ವಸ್ವ. ಕೈಯಲ್ಲಿ ಹಿಡಿದು ಮೇಲಿನಿಂದ ಸಣ್ಣ ಸಣ್ಣ ಗೊಂಚಲುಗಳನ್ನು ಜಾರಿಸುವ ಓವರ್‌ಹ್ಯಾಂಡ್ ಶಫಲ್‌ನಲ್ಲಿ ಗೊಂಚಲಿನೊಳಗಿನ ಕಾರ್ಡುಗಳು ಒಟ್ಟಾಗಿಯೇ ಪ್ರಯಾಣ ಮಾಡುತ್ತವೆ. ಬೆಳಿಗ್ಗೆ ಮೂವರು ರಾಣಿಯರು ಬಂದಿದ್ದ ಸ್ಪ್ರೆಡ್ಡನ್ನು ಒಟ್ಟುಗೂಡಿಸಿ ಡೆಕ್ಕಿನ ಮೇಲಿಟ್ಟು ಏಳೆಂಟು ಬಾರಿ ಹೀಗೆ ಜಾರಿಸಿದವರಿಗೆ ಸಂಜೆಯ ಓದಿನಲ್ಲೂ ಇಬ್ಬರು ರಾಣಿಯರು ಪಕ್ಕಪಕ್ಕದಲ್ಲಿ ಕಾಣಿಸಿಕೊಂಡರೆ ಅಚ್ಚರಿಯೇನಿಲ್ಲ. ಮೇಲಿನಿಂದ ಒಂದಾದ ಮೇಲೊಂದು ಹಾಕುವವರು ಈ ಗೊಂಚಲನ್ನು ಹಾಗೆಯೇ ಮೇಜಿಗೆ ತರುತ್ತಾರೆ. ಡೆಕ್ಕನ್ನು ಬೀಸಣಿಗೆಯಂತೆ ಹರಡಿ, ಅಲ್ಲೊಂದು ಇಲ್ಲೊಂದು ದೂರದೂರದಿಂದ ಆರಿಸುವವರಿಗೆ ಆ ಗೊಂಚಲು ಒಡೆದು ಸಿಗುತ್ತದೆ. ಒಂದೇ ಡೆಕ್, ಒಂದೇ ಶಫಲ್. ತೆಗೆಯುವ ರೀತಿಯಿಂದಲೇ ಎರಡು ಬೇರೆ ಓದುಗಳಾದವು.

ಅನುಭವದ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದನ್ನು ಸುಲಭವಾಗಿ ಒಪ್ಪುತ್ತಾರೆ, ಅಷ್ಟೇ ಸುಲಭವಾಗಿ ಬದಿಗೂ ಸರಿಸುತ್ತಾರೆ. ತಾನೇ ಕಲಸಿ, ತಾನೇ ನಿಲ್ಲಿಸಿ, ತಾನೇ ಆರಿಸಿದ ಕಾರ್ಡಿನ ಬಗ್ಗೆ ಪೃಚ್ಛಕ ಹೆಚ್ಚು ಮಾತನಾಡುತ್ತಾನೆ. ಗಿಳಿಶಾಸ್ತ್ರದವರ ಗಿಳಿ ಎತ್ತಿಕೊಟ್ಟ ಕಾರ್ಡಿನಂತೆ ಅದನ್ನು ಸುಮ್ಮನೆ ಸ್ವೀಕರಿಸುವುದಿಲ್ಲ. ಕಲಸುವ ಆ ಒಂದೆರಡು ನಿಮಿಷಗಳಲ್ಲಿ 'ಕೆಲಸ ಸಿಗುತ್ತದೆಯೇ' ಎಂದು ಬಂದ ಪ್ರಶ್ನೆ 'ಈ ಊರು ಬಿಡುವ ಧೈರ್ಯ ನನಗಿದೆಯೇ' ಎಂದು ತಿರುಗುವುದುಂಟು. ಓದು ನಡೆಯುವುದು ಮಾತಿನಲ್ಲಿ ಎಂದು ಒಪ್ಪುವುದಾದರೆ, ಮಾತನ್ನು ಹೀಗೆ ತಿರುಗಿಸುವುದನ್ನು ಓದಿನ ಹೊರಗಿಡುವುದು ಹೇಗೆ?

ವಿರೋಧ: ಚೆನ್ನಾಗಿ ಕಲೆತ ಡೆಕ್ಕಿಗೆ ಕೈಯ ಗುರುತಿಲ್ಲ

ಮೇಲಿನ ವಾದದಲ್ಲಿ ಬಂದ ಸಂಗತಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೊಂಚಲು ಹಾಗೆಯೇ ಉಳಿಯುವುದು ಕಲಸುವುದರಲ್ಲಿ ಆದ ಕೊರತೆ. ಅಕ್ಕಿ ಬೇಯದೆ ಉಳಿದಿದ್ದರೆ ಅದನ್ನು ಅಡುಗೆಯ ಶೈಲಿ ಎಂದು ಯಾರೂ ಕರೆಯುವುದಿಲ್ಲ.

52 ಇಸ್ಪೀಟೆಲೆಗಳು ಸಾಕಷ್ಟು ಕಲೆಯಬೇಕಾದರೆ ಸುಮಾರು ಏಳು ರಿಫಲ್‌ಗಳು ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಅವರ ಲೆಕ್ಕವನ್ನು 78ಕ್ಕೆ ಹಿಗ್ಗಿಸಿದರೆ ಇನ್ನೊಂದು ಸೇರಿಸಿಕೊಂಡರೆ ಸಾಕು. ಓವರ್‌ಹ್ಯಾಂಡ್ ಕ್ರಮದಲ್ಲಿ ಅದೇ ಫಲ ಬೇಕಾದರೆ ಸಾವಿರಾರು ಬಾರಿ ಮಾಡಬೇಕಾಗುತ್ತದೆ, ಅಂದರೆ ಯಾರೂ ಮಾಡುವುದಿಲ್ಲ. ಟ್ಯಾರೋ ಕಾರ್ಡು ಸಾಮಾನ್ಯವಾಗಿ 70 ಮಿ.ಮೀ. ಅಗಲ, 120 ಮಿ.ಮೀ. ಉದ್ದ ಇರುವುದರಿಂದ ಸಣ್ಣ ಕೈಯವರಿಗೆ ರಿಫಲ್ ಕಷ್ಟ. ಅವರು ಬಟ್ಟೆಯ ಮೇಲೆ ಹರಡಿ ಧಾರಾಳವಾಗಿ ಕಲಸಲಿ. ಹೀಗೆ ಕಲೆತು, ಬೆನ್ನಿನಿಂದ ಗುರುತು ಹಿಡಿಯಲಾಗದ ಡೆಕ್‌ನಲ್ಲಿ ಮೇಲಿನ ಮೂರು ಕಾರ್ಡು, ಮಧ್ಯದ ಮೂರು, ಎಡಗೈಯಿಂದ ಆರಿಸಿದ ಮೂರು, ಜನ್ಮದಿನಾಂಕದಷ್ಟು ಎಣಿಸಿ ತೆಗೆದ ಮೂರು, ಇವೆಲ್ಲವೂ ಒಂದೇ. ಮುಖ ಕಾಣದೆ ಮಾಡಿದ ಯಾವ ಆಯ್ಕೆಯೂ ಇನ್ನೊಂದಕ್ಕಿಂತ ಬೇರೆಯಾದ ಸಂಭವವನ್ನು ಹೊಂದಿರುವುದಿಲ್ಲ.

ಕಟ್ ಮಾಡುವುದರ ಮಹಿಮೆಯನ್ನೂ ಕೊಂಚ ಪರಿಶೀಲಿಸಬೇಕು. ಟ್ಯಾರೋ ಬಗ್ಗೆ ಬರೆದ ಎ. ಇ. ವೇಟ್ ತಮ್ಮ ಕೆಲ್ಟಿಕ್ ಕ್ರಮವನ್ನು ವಿವರಿಸುವಾಗ ಕಲಸಿ ಮೂರು ಬಾರಿ ಕಟ್ ಮಾಡಲು ಹೇಳಿದ್ದಾರೆ, ಮತ್ತು ಈ 'ಮೂರು' ಮಂತ್ರದಂತೆ ಉಳಿದುಕೊಂಡಿದೆ. ಮೇಲಿನ ಭಾಗವನ್ನು ಎತ್ತಿ ಕೆಳಗಿಡುವುದರಿಂದ ಕಾರ್ಡುಗಳ ವೃತ್ತಾಕಾರದ ಕ್ರಮ ಕದಲುವುದಿಲ್ಲ. ಎಲ್ಲಿಂದ ಆರಂಭ ಎಂಬುದಷ್ಟೇ ಬದಲಾಗುತ್ತದೆ. ಆದ್ದರಿಂದ ಅಂಥ ಮೂರು ಕಟ್‌ಗಳು ಸೇರಿ ಆಗುವುದು ಒಂದು ಕಟ್ ಮಾತ್ರ. ಡೆಕ್ಕನ್ನು ಮೂರು ರಾಶಿ ಮಾಡಿ ಮತ್ತೆ ಪೇರಿಸುವುದಕ್ಕೆ ಆರು ರೀತಿಗಳಿವೆ. ಅವುಗಳಲ್ಲಿ ಒಂದು ಡೆಕ್ಕನ್ನು ಇದ್ದಂತೆಯೇ ಬಿಡುತ್ತದೆ, ಇನ್ನೆರಡು ಮಾಮೂಲಿ ಕಟ್‌ಗಳೇ. ಉಳಿದ ಮೂರರಲ್ಲಿ ಎರಡು ರಾಶಿಗಳು ಅದಲುಬದಲಾಗುತ್ತವೆ, ಆದರೆ ರಾಶಿಯೊಳಗಿನ ಕಾರ್ಡುಗಳು ಇದ್ದಲ್ಲೇ ಇರುತ್ತವೆ. ಇಸ್ಪೀಟು ಆಡುವವರು ಕಟ್ ಮಾಡಿಸುವುದು ಕಲಸಿದವನು ಮೋಸ ಮಾಡದಿರಲಿ ಎಂದು. ಪ್ರಶ್ನೆ ಕೇಳಲು ಬಂದವರ ಮುಂದೆ ಆ ಭಯಕ್ಕೆ ಅಷ್ಟೇನೂ ಕಾರಣವಿಲ್ಲ.

ಗೋಲ್ಡನ್ ಡಾನ್ ಕ್ರಮದಲ್ಲಿ ಕಟ್‌ಗೆ ಕೆಲಸವಿದೆ ಎಂಬುದು ನಿಜ. ಆದರೆ ಸರಿಸುಮಾರು ಸಮನಾದ ನಾಲ್ಕು ರಾಶಿಗಳಾದರೆ ಸೂಚಕ ಕಾರ್ಡು ಯಾವುದರಲ್ಲಿರುವ ಸಂಭವವೂ ಕಾಲು ಭಾಗ. ಒಬ್ಬರ ಕೈ ಯಾವಾಗಲೂ ಮೂರನೆಯ ರಾಶಿಯನ್ನು ದಪ್ಪ ಮಾಡುತ್ತದೆ ಎಂದುಕೊಳ್ಳಿ. ಅವರ ಓದುಗಳಲ್ಲಿ ಜಗಳ ಮತ್ತು ನಷ್ಟ ಹೆಚ್ಚಾಗಿ ಕಾಣಿಸುತ್ತವೆ. ಅದು ಕೈಯ ಅಭ್ಯಾಸದ ಗುರುತೇ ಹೊರತು ಪೃಚ್ಛಕನ ಬದುಕಿನ ಗುರುತಲ್ಲ.

'ಮತ್ತೆ ಅದೇ ಕಾರ್ಡು ಬಂತು' ಎಂಬ ಉದ್ಗಾರವನ್ನು ಕಲಸುವ ರೀತಿಯ ಶಕ್ತಿಗೆ ಸಾಕ್ಷಿಯಾಗಿ ಕೊಡುವವರಿದ್ದಾರೆ. ಇಂದು ಹತ್ತು ಕಾರ್ಡು, ನಾಳೆ ಹತ್ತು ಕಾರ್ಡು, ನಡುವೆ ಅತ್ಯುತ್ತಮವಾಗಿ ಕಲಸಿದ್ದೀರಿ ಎಂದಿಟ್ಟುಕೊಳ್ಳಿ. ಇಂದಿನ ಹತ್ತರಲ್ಲಿ ಒಂದಾದರೂ ನಾಳೆ ಮತ್ತೆ ಬರುವ ಸಂಭವ ಶೇಕಡಾ 77. ಬರದಿದ್ದರೇ ವಿಶೇಷ. ಮೂರು ಕಾರ್ಡಿನ ಓದಿನಲ್ಲಿ ಈ ಸಂಭವ ಶೇಕಡಾ 11ಕ್ಕೆ ಇಳಿಯುತ್ತದೆ, ಆದರೂ ದಿನವೂ ಮೂರು ಕಾರ್ಡು ತೆಗೆಯುವವರಿಗೆ ಹತ್ತು ದಿನಕ್ಕೊಮ್ಮೆಯಾದರೂ ನಿನ್ನೆಯದೊಂದು ಇಂದು ಎದುರಾಗುವುದು ಸಹಜ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಕಲಸುವಾಗ ಹೊರಗೆ ಹಾರಿ ಬೀಳುವ ಕಾರ್ಡು. ಹೊಸ, ನುಣುಪಾದ, ಅಗಲವಾದ ಕಾರ್ಡುಗಳು ಕೈಯಿಂದ ಜಾರುತ್ತವೆ. ಬಿದ್ದದ್ದು ಸೂರ್ಯನಾದರೆ ಅದು ಸಂದೇಶ, ಕತ್ತಿಗಳ ಹತ್ತಾದರೆ 'ಅಯ್ಯೋ, ಕೈ ಜಾರಿತು' ಎಂದು ಒಳಗೆ ತುರುಕುವುದು. ಮುಖ ನೋಡಿದ ಮೇಲೆ ನಿಯಮ ಮಾಡುವ ಈ ಅಭ್ಯಾಸ ಓದನ್ನು ಖಂಡಿತ ಬದಲಿಸುತ್ತದೆ. ಸ್ಪಷ್ಟನೆಗೆಂದು ಇನ್ನಷ್ಟು ಕಾರ್ಡು ಎಳೆಯುವುದೂ ಹೀಗೆಯೇ. 78ರಲ್ಲಿ ಹತ್ತು ಕಾರ್ಡುಗಳು ನಿಮಗೆ ಬೇಕಾದ ಉತ್ತರ ಕೊಡುತ್ತವೆ ಎಂದುಕೊಳ್ಳಿ; ಒಂದೇ ಕಾರ್ಡು ತೆಗೆದರೆ ಅಂಥದ್ದು ಬರುವ ಸಂಭವ ಶೇಕಡಾ 13, ಮೂರು ತೆಗೆದರೆ ಶೇಕಡಾ 34. ಹಾರಿ ಬಿದ್ದ ಕಾರ್ಡು ಲೆಕ್ಕಕ್ಕೆ ಸೇರುತ್ತದೆಯೇ, ತಲೆಕೆಳಗಿನ ಅರ್ಥ ಬಳಸುತ್ತೇವೆಯೇ, ಎಷ್ಟು ಕಾರ್ಡು ತೆಗೆಯುತ್ತೇವೆ, ಇವುಗಳನ್ನು ಕಲಸುವ ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾವ ಕೈಯಿಂದ ಕಲಸಿದರೂ ನನ್ನ ತಕರಾರಿಲ್ಲ.

ಪೃಚ್ಛಕ ತಾನೇ ಕಲಸಿದಾಗ ಅವನಿಗೆ ಹತ್ತಿರವೆನಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಕಾರ್ಡಿನ ಮೇಲೆ ಆದ ಪರಿಣಾಮವಲ್ಲ, ಮನುಷ್ಯನ ಮೇಲೆ ಆದದ್ದು; ಬೆಂಗಳೂರಿನ ರೀಡರ್ ಒಬ್ಬರು ದುಬೈಯಲ್ಲಿರುವವರಿಗೆ ವಿಡಿಯೋ ಕರೆಯಲ್ಲಿ ಓದುವಾಗ ಆ ಸ್ಪರ್ಶವಿಲ್ಲ, ಓದು ಅದರಿಂದ ನಿಂತೂ ಇಲ್ಲ. ಪ್ರಶ್ನೆಯನ್ನು ತಿದ್ದಿಕೊಳ್ಳಲು ಎರಡು ನಿಮಿಷ ಬೇಕಾದರೆ ಕಾಗದ, ಪೆನ್ನು ಕೊಟ್ಟರೂ ಸಾಕು.

ತಮ್ಮ ಶಫಲ್ ಮೇಲೆ ನಂಬಿಕೆಯಿರುವವರು ಒಂದು ಪರೀಕ್ಷೆ ಮಾಡಬಹುದು. 78 ಕಾರ್ಡುಗಳನ್ನೂ ಕ್ರಮವಾಗಿ ಜೋಡಿಸಿ, ದಿನವೂ ಕಲಸುವಷ್ಟೇ ಕಲಸಿ, ಆಮೇಲೆ ಒಂದೊಂದಾಗಿ ಮುಖ ಮೇಲಾಗಿ ಹಾಕುತ್ತಾ ಹೋಗಿ. ಮೊದಲಿದ್ದ ಕ್ರಮದಲ್ಲೇ ಒಂದರ ಹಿಂದೆ ಒಂದು ಉಳಿದುಕೊಂಡ ಜೋಡಿಗಳು ಎಷ್ಟು ಎಂದು ಎಣಿಸಿ. ಪೂರ್ತಿ ಕಲೆತ ಡೆಕ್‌ನಲ್ಲಿ ಇಂಥ ಜೋಡಿ ಸರಾಸರಿ ಒಂದು ಸಿಗುತ್ತದೆ, ಎರಡು ಮೂರು ಸಿಕ್ಕರೂ ಚಿಂತೆಯಿಲ್ಲ. ಹತ್ತಿಪ್ಪತ್ತು ಸಿಕ್ಕರೆ ನಿನ್ನೆಯ ಓದು ಇನ್ನೂ ಡೆಕ್ಕಿನೊಳಗೇ ಇದೆ.