ಮಂಡಿನೋವಿಗೆ ಮೊದಲ ಸ್ಥಾನ

ನಮ್ಮೂರಿನ ಆರೋಗ್ಯವನ್ನು ಮತ್ತೆ ಅಳೆದಾಯಿತು. ನನಗೆ ಬುದ್ಧಿ ಬಂದ ಮೇಲೆ ಇದು ಐದನೇ ಸಲ. ಈ ಸಲ ಬಂದಿದ್ದು ಒಂದು ಕಾಲೇಜಿನ 30 ಮಕ್ಕಳು, ಇಬ್ಬರು ಮೇಷ್ಟ್ರು, ಒಂದು ಬ್ಯಾನರ್ ಮತ್ತು 14 ಪುಟದ ಫಾರಂ.

ನಮ್ಮದು ಕೋಲಾರದ ಕಡೆಯ ಹಳ್ಳಿ. ಬೆಳಗ್ಗೆ ಏಳಕ್ಕೆಲ್ಲ ಗಾರ್ಮೆಂಟ್ಸ್ ಬಸ್ಸು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗಿರುತ್ತದೆ. ಉಳಿದವರು ಟೊಮೆಟೊ ತೋಟದಲ್ಲಿ. ಕಾಲೇಜು ಬಸ್ಸು ಬಂದಿದ್ದು ಹತ್ತೂವರೆಗೆ. 240 ಮನೆಗಳಲ್ಲಿ 96ಕ್ಕೆ ಬೀಗ. ಬೀಗ ಇದ್ದ ಮನೆಗೆ ಸಂಜೆ ಇನ್ನೊಮ್ಮೆ ಹೋಗಬೇಕು ಅಂತ ಪ್ಲಾನಿನಲ್ಲಿ ಬರೆದಿತ್ತಂತೆ. ಆದರೆ ಬಸ್ಸು ನಾಲ್ಕಕ್ಕೆ ವಾಪಸ್ ಹೊರಡಬೇಕಲ್ವಾ? ಹಾಗಾಗಿ ಊರಿನ ಆರೋಗ್ಯ ಅಂದರೆ ಜಗಲಿ ಮೇಲೆ ಕೂತಿದ್ದ ಅಜ್ಜ ಅಜ್ಜಿಯರ ಆರೋಗ್ಯ ಅಂತಾಯಿತು. ರಕ್ತಹೀನತೆ ಪರೀಕ್ಷೆಯ ಮೆಷಿನ್ನೂ ತಂದಿದ್ದರು, ಪಾಪ. ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ಅಷ್ಟೊತ್ತಿಗೆ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು.

ಫಾರಂ ಶುರುವಾಗುವುದೇ ಆದಾಯದಿಂದ. ತಲೆಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಕೇಳಿ, ಮನೆಯನ್ನು ಐದು ವರ್ಗಗಳಲ್ಲಿ ಒಂದಕ್ಕೆ ಹಾಕಬೇಕು. ಬಿಪಿಎಲ್ ಕಾರ್ಡ್ ರದ್ದಾಗುವ ಸುದ್ದಿ ಹಬ್ಬಿರುವ ಊರಲ್ಲಿ ಈ ಪ್ರಶ್ನೆ! ಎರಡು ಟ್ರ್ಯಾಕ್ಟರ್ ಇರುವವನೂ ತೀರಾ ಬಡವರ ಐದನೇ ವರ್ಗಕ್ಕೆ ಸೇರಿದ. ಆಮೇಲೆ "ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ?" ಅಂತ ಅತ್ತೆಯ ಎದುರಿಗೇ ಸೊಸೆಯನ್ನು ಕೇಳಿದರು. ಒಂದೇ ದಿನದಲ್ಲಿ ನಮ್ಮೂರು ಪಾನಮುಕ್ತವಾಯಿತು. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯುವವರು ನೂರಕ್ಕೆ ನೂರು. "ಸೋಪು ಎಲ್ಲಿಟ್ಟಿದ್ದೀರಿ, ತೋರಿಸಿ" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾವೂ ಹುಡುಕಬೇಕಿತ್ತು.

ಮಜಾ ಇದ್ದಿದ್ದು ಒಂಬತ್ತನೇ ಪುಟದಲ್ಲಿ. ಕುಡಿಯುವ ನೀರು ಎಲ್ಲಿಂದ? ನಮ್ಮದು ಬೋರ್‌ವೆಲ್. ಫಾರಂ ಪ್ರಕಾರ ಬೋರ್‌ವೆಲ್ ಅಂದರೆ 'ಸುಧಾರಿತ ಮೂಲ'. ಅಲ್ಲಿಗೆ ನೀರು ಸುರಕ್ಷಿತ, ಟಿಕ್. ಒಂದು ಲೀಟರ್‌ಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ನೀರಿನಲ್ಲಿರುವ ಫ್ಲೋರೈಡ್ ಹಲ್ಲಿಗೆ, ಇನ್ನೂ ಹೆಚ್ಚಾದರೆ ಮೂಳೆಗೂ ಕೈ ಹಾಕುತ್ತದೆ ಅಂತ ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ಏಕೆಂದರೆ ಅವರ ಹಲ್ಲಿನ ಮೇಲೇ ಕಂದು ಗೆರೆ ಇದೆ. ಆದರೆ ಆ ಮೂಲ ಎಷ್ಟು ಅಡಿ ಆಳದ್ದು, ಅದರಲ್ಲಿ ಏನಿದೆ ಅಂತ ಬರೆಯೋಕೆ ಫಾರಂನಲ್ಲಿ ಜಾಗ ಇರಲಿಲ್ಲ. ನೀರು ಪರೀಕ್ಷೆ ಮಾಡುವ ಕಿಟ್ ಪಂಚಾಯ್ತಿ ಬೀರುವಿನಲ್ಲಿದೆ. ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನೋದು ಬೇರೆಯೇ ಸರ್ವೆ.

ಎರಡನೇ ದಿನ ಸಮಸ್ಯೆಗಳಿಗೆ ರ‍್ಯಾಂಕ್ ಕೊಡುವ ಕೆಲಸ. ದೇವಸ್ಥಾನದ ಕಟ್ಟೆ ಮೇಲೆ ಕೂತು ಹ್ಯಾನ್ಲನ್ ಲೆಕ್ಕ ಹಾಕಿದರು. ಸಮಸ್ಯೆ ಎಷ್ಟು ಜನಕ್ಕಿದೆ ಎಂಬುದಕ್ಕೆ ಹತ್ತರಲ್ಲಿ ಅಂಕ. ಅದಕ್ಕೆ ತೀವ್ರತೆಯ ಎರಡರಷ್ಟನ್ನು ಕೂಡಿಸಬೇಕು. ಬಂದಿದ್ದನ್ನು ಪರಿಹಾರ ಎಷ್ಟು ಫಲ ಕೊಡುತ್ತದೆ ಎಂಬ ಅಂಕದಿಂದ ಗುಣಿಸಬೇಕು. ಮಂಡಿ, ಸೊಂಟದ ನೋವು ತೆರೆದಿದ್ದ 144 ಮನೆಗಳಲ್ಲಿ 61ಕ್ಕಿತ್ತು, ಹಾಗಾಗಿ ಹತ್ತಕ್ಕೆ ಹತ್ತು. ಯಾರೂ ಸಾಯಲ್ಲ, ತೀವ್ರತೆಗೆ 4. ಮುಲಾಮಿನ ಸ್ಟಾಕ್ ಬಸ್ಸಲ್ಲೇ ಇತ್ತು, ಪರಿಹಾರಕ್ಕೆ 9. ಒಟ್ಟು 162.

ಒಬ್ಬ ಹುಡುಗಿ ಮಾತ್ರ ಮಕ್ಕಳ ಹಲ್ಲು ನೋಡಿದ್ದಳು. "ಸರ್, ನೀರನ್ನೂ ಸೇರಿಸೋಣ. ಈ ಮಂಡಿನೋವೂ ಅದರದ್ದೇ ಇರಬಹುದು" ಅಂದಳು. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ, ಸೇರಿಸಿದರು. ಎಷ್ಟು ಜನಕ್ಕಿದೆ? ಫಾರಂ ಪ್ರಕಾರ ಎಲ್ಲರ ನೀರೂ ಸುರಕ್ಷಿತ, ಸೊನ್ನೆ. ತೀವ್ರತೆ 8, ಅದರ ಎರಡರಷ್ಟು 16. ಪರಿಹಾರ? ಹೊಸ ಪೈಪ್‌ಲೈನ್ ಎಳೆಯೋದು ನಮ್ಮ ಕೈಲಿಲ್ಲ, 1. ಒಟ್ಟು 16, ಪಟ್ಟಿಯಲ್ಲಿ ಕೊನೆ. ಹೀಗೆ ರೋಗ ಮೊದಲ ಸ್ಥಾನಕ್ಕೂ ಅದರ ಕಾರಣ ಕೊನೆಯ ಸ್ಥಾನಕ್ಕೂ ಬಂದವು. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ, ನಾನೇ ಎರಡು ಸಲ ಗುಣಿಸಿ ನೋಡಿದೆ.

ಆ ಹುಡುಗಿ ಸುಮ್ನೆ ಕೂರಲಿಲ್ಲ. ಒಂದು ರೂಪಾಯಿ ನಾಣ್ಯ ನೆಲಕ್ಕೆ ಹಾಕಿ, ನಮ್ಮ ಪಕ್ಕದ ಮನೆಯವನಿಗೆ "ಅಣ್ಣಾ, ಮಂಡಿ ಮಡಿಸದೆ ಬಗ್ಗಿ ಎತ್ತಿಕೊಳ್ಳಿ" ಅಂದಳು. ಅವನಿಗೆ ಇನ್ನೂ 38. ಅರ್ಧ ಬಗ್ಗಿ ನಿಂತುಬಿಟ್ಟ. ಗಲ್ಲವನ್ನು ಎದೆಗೆ ತಾಗಿಸಿ ಅಂದಳು, ಅದೂ ಆಗಲಿಲ್ಲ. ಹೀಗೆ ಬಗ್ಗಲಾಗದವರನ್ನು ಗುರುತಿಸಿ, ಮೂತ್ರ ಮತ್ತು ನೀರಿನ ಪರೀಕ್ಷೆಗೆ ಕಳಿಸಬೇಕಂತೆ. ಖರ್ಚು ಒಂದು ರೂಪಾಯಿ, ಅದೂ ವಾಪಸ್ ಬರುತ್ತದೆ. ಇದನ್ನು ಎಲ್ಲಿ ಬರೆಯಲಿ ಅಂತ ಅವಳು ಕೇಳಿದಾಗ ಮೇಷ್ಟ್ರು 14ನೇ ಪುಟದ 'ಇತರೆ' ತೋರಿಸಿದರು. ಅರ್ಧ ಸಾಲು ಜಾಗ ಇತ್ತು.

ಕೊನೆಗೆ ಶಿಬಿರ ನಡೆಯಿತು. ತಲೆಗೊಂದು ಮುಲಾಮಿನ ಟ್ಯೂಬ್, ಬ್ಯಾನರ್ ಹಿಂದೆ ಒಂದು ಫೋಟೊ. ಮಕ್ಕಳು ಎರಡು ದಿನವೂ ಬಾಟಲಿ ನೀರೇ ಕುಡಿದರು. ಬಸ್ಸು ಹೊರಡುವಾಗ ಎದುರುಮನೆ ಅಜ್ಜಿ ಕಿಟಕಿ ಹತ್ತಿರ ಹೋಗಿ ಕೈ ಚಾಚಿದರು.

"ಆ ಖಾಲಿ ಬಾಟ್ಲಿ ಕೊಟ್ಟೋಗಮ್ಮ, ಬೋರಿನ ನೀರು ತುಂಬಿಟ್ಕೋತೀನಿ."