ತರಬೇತಿ ಮುಗಿದ ಮೇಲೆ ಕೊಟ್ಟಿಗೆಗೂ ಹೋಗಿ ನೋಡಬೇಕಾ?

ಪರ: ಹಾಲು ಉತ್ಪಾದಕರಿಗೆ ತರಬೇತಿ ಕೊಡುವವರು, ಚಿಂತಾಮಣಿ

ಶುದ್ಧ ಹಾಲು ಉತ್ಪಾದನೆಯ ತರಬೇತಿ ಕೊಡುತ್ತಾ ಹದಿನೈದು ವರ್ಷ ಆಯಿತು. ಪ್ರತಿ ಸಲವೂ ಹಾಜರಿ ಪಟ್ಟಿ ತುಂಬುತ್ತದೆ. ಅಭಿಪ್ರಾಯದ ಹಾಳೆಯಲ್ಲಿ ಎಲ್ಲರೂ ‘ತುಂಬಾ ಉಪಯೋಗವಾಯಿತು’ ಅಂತಲೇ ಬರೆದಿರುತ್ತಾರೆ. ಹತ್ತು ಹಾಳೆಯ ಅಕ್ಷರ ಒಂದೇ ಥರ ಇರುವುದೂ ಉಂಟು, ಯಾಕೆಂದರೆ ಪಿಯುಸಿ ಓದಿದ ಹುಡುಗಿಯೊಬ್ಬಳು ಸಾಲಾಗಿ ಎಲ್ಲರಿಗೂ ಬರೆದುಕೊಟ್ಟಿರುತ್ತಾಳೆ. ಮಧ್ಯಾಹ್ನದ ಊಟಕ್ಕೆ ಪಾಯಸ ಇದ್ದರೆ ಅಂಕ ಇನ್ನೂ ಒಂದು ಜಾಸ್ತಿ.

ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಇವೆ ಅಂತ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಮೇಷ್ಟ್ರು 1959ರಲ್ಲೇ ಬರೆದರು. ಬಂದವರಿಗೆ ಇಷ್ಟ ಆಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಅದರಿಂದ ಫಲ ಬಂತಾ. ನಾವೆಲ್ಲ ಮೊದಲನೇ ಮೆಟ್ಟಿಲ ಮೇಲೆ ಕೂತು ವರದಿ ಬರೆಯುತ್ತೇವೆ. ನನ್ನ ವಾದವೆಲ್ಲ ಮೂರನೆಯದರ ಬಗ್ಗೆ.

ಒಂದೇ ಒಂದು ಅಭ್ಯಾಸ ತೆಗೆದುಕೊಳ್ಳಿ. ಹಾಲು ಕರೆದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ರೋಗಾಣು ಒಳಗೆ ಹೋಗಿ ಕೆಚ್ಚಲು ಬಾವು ಬರುತ್ತದೆ. ಅದಕ್ಕೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಹಸುವನ್ನು ನಿಲ್ಲಿಸಿರಿ ಅಂತ ಹೇಳಿಕೊಡುತ್ತೇವೆ. ಅದ್ದುವುದಕ್ಕೆ ಒಂದು ನಿಮಿಷ ಸಾಕು.

ಒಂದು ಸಲ ಇದನ್ನು ಸರಿಯಾಗಿ ನೋಡೋಣ ಅಂತ ಹೊರಟೆ. ನಾಲ್ಕು ಹಳ್ಳಿ ತೆಗೆದುಕೊಂಡೆ. ಎರಡಕ್ಕೆ ಆಗಲೇ ತರಬೇತಿ, ಉಳಿದ ಎರಡಕ್ಕೆ ನಾಲ್ಕು ತಿಂಗಳು ಬಿಟ್ಟು. ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದೆವು. ತರಬೇತಿಗೆ ಮುಂಚೆಯೇ, ಹೇಳದೆ ಕೇಳದೆ ಕರೆಯುವ ಹೊತ್ತಿಗೆ ಹೋಗಿ ನೋಡಿದೆವು. ತರಬೇತಿ ಆಗಲಿದ್ದ ಹಳ್ಳಿಗಳ ಇಪ್ಪತ್ತು ಮನೆಗಳಲ್ಲಿ ಅದ್ದುತ್ತಿದ್ದವರು ಎರಡೇ ಮನೆಯವರು. ತರಬೇತಿಯಾಗಿ ಒಂದು ವಾರಕ್ಕೆ ಅದೇ ಇಪ್ಪತ್ತರಲ್ಲಿ ಹದಿನಾಲ್ಕು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಸನ್ಮಾನ ಮಾಡಿಸಿಕೊಂಡು ಮನೆಗೆ ಹೋಗಬಹುದಿತ್ತು. ಮೂರು ತಿಂಗಳ ಮೇಲೆ ಹೋದರೆ ಐದು.

‘ಅದ್ದುತ್ತೀರಾ ಅಮ್ಮ?’ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ಕೇಳುವುದನ್ನು ಬಿಟ್ಟು ಬೇರೆ ದಾರಿ ಹಿಡಿದಿದ್ದೆವು. ತರಬೇತಿಯ ದಿನ ಕೊಟ್ಟ ಬಾಟಲಿಯ ಮೇಲೆ ದ್ರಾವಣದ ಮಟ್ಟಕ್ಕೆ ಪೆನ್ನಿನಲ್ಲಿ ಗೀಟು ಎಳೆದಿದ್ದೆವು. ಒಂದು ಮನೆಯಲ್ಲಿ ಮೂರು ತಿಂಗಳಾದರೂ ದ್ರಾವಣ ಗೀಟಿನಿಂದ ಒಂದು ಬೆರಳೂ ಇಳಿದಿರಲಿಲ್ಲ. ಅದ್ದುವ ಲೋಟದೊಳಗೆ ಜೇಡ ಗೂಡು ಕಟ್ಟಿತ್ತು. ಆದರೆ ಹೆಚ್ಚಿನ ಮನೆಗಳಲ್ಲಿ ಬಾಟಲಿ ಪೂರಾ ಖಾಲಿ! ಅವರು ದಿನಾ ಅದ್ದಿದ್ದರು, ಮುಗಿದ ಮೇಲೆ ಊರಲ್ಲಿ ಸಿಗದೆ ನಿಲ್ಲಿಸಿದ್ದರು. ಅಂದರೆ ಕೆಟ್ಟಿದ್ದು ಕಲಿಕೆಯಲ್ಲ, ಸರಬರಾಜು. ಹಾಜರಿ ಪಟ್ಟಿ ಇದನ್ನು ಹೇಳುತ್ತಿತ್ತಾ?

ಇನ್ನೊಂದು ಅಭ್ಯಾಸ ಒಂಚೂರೂ ಬದಲಾಗಲಿಲ್ಲ. ಹೆಬ್ಬೆರಳು ಮಡಿಸಿ ಅದರ ಗಿಣ್ಣಿನಿಂದ ಒತ್ತಿ ಕರೆಯಬೇಡಿ, ಪೂರ್ತಿ ಅಂಗೈ ಮುಷ್ಟಿಯಲ್ಲಿ ಕರೆಯಿರಿ ಅಂತ ಹೇಳುತ್ತೇವೆ. ಕೂತು ನೋಡಿದ ಮೇಲೆ ಗೊತ್ತಾಯಿತು, ಎಷ್ಟೋ ಹಸುಗಳ ಮೊಲೆ ಗಿಡ್ಡ, ಮುಷ್ಟಿಗೆ ಸಿಗುವುದೇ ಇಲ್ಲ. ಹದಿನೈದು ವರ್ಷ ರಬ್ಬರ್ ಕೆಚ್ಚಲಲ್ಲಿ ತೋರಿಸಿಕೊಟ್ಟ ನನಗೆ ನಾಚಿಕೆ ಆಯಿತು.

ಹಾಗಾದರೆ ನೇರವಾಗಿ ಹಾಲನ್ನೇ ಪರೀಕ್ಷಿಸಿದರೆ ಸಾಲದಾ ಅನ್ನುತ್ತಾರೆ. ಅದೂ ಮಾಡಿದೆವು. 10 ಮಿಲಿ ಹಾಲಿಗೆ 1 ಮಿಲಿ ಮೆಥಿಲೀನ್ ಬ್ಲೂ ಹಾಕಿ 37 ಡಿಗ್ರಿಯ ನೀರಿನಲ್ಲಿಡುತ್ತಾರೆ. ನೀಲಿ ಬಣ್ಣ ಬೇಗ ಹೋದರೆ ಬ್ಯಾಕ್ಟೀರಿಯಾ ಜಾಸ್ತಿ, 5 ಗಂಟೆ ದಾಟಿದರೆ ಒಳ್ಳೇ ಹಾಲು. ತರಬೇತಿ ಆದ ಹಳ್ಳಿಗಳಲ್ಲಿ ಬಣ್ಣ ನಿಲ್ಲುವ ಹೊತ್ತು ಹೆಚ್ಚಾಯಿತು. ತರಬೇತಿ ಆಗದ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಾಯಿತು. ಕಾರಣ ಡಿಸೆಂಬರ್ ಚಳಿ. ಜೊತೆಗೆ ಆ ಭಾಗಕ್ಕೆಲ್ಲ ಹೊಸದಾಗಿ ಬಂದ ಹಾಲು ತಂಪು ಮಾಡುವ ಟ್ಯಾಂಕು. ಹೋಲಿಕೆಗೆ ಆ ಎರಡು ಹಳ್ಳಿ ಇರದಿದ್ದರೆ ಚಳಿಗಾಲದ ಪುಣ್ಯ ನನ್ನ ಹೆಸರಿಗೆ ಬರುತ್ತಿತ್ತು. ಎರಡೆರಡು ಹಳ್ಳಿ ಕಡಿಮೆಯೇ, ಒಪ್ಪುತ್ತೇನೆ. ಆದರೂ ಅಳೆಯುವುದು ಬೇಡ ಅನ್ನುವವರು ಬೆಳಿಗ್ಗೆ ಐದಕ್ಕೆ ಏಳಲು ಸೋಮಾರಿತನ ಇರುವವರು, ಅಷ್ಟೇ.

ವಿರೋಧ: ಹಾಲು ಸಂಘದ ಹಿಂದಿನ ಕಾರ್ಯದರ್ಶಿ, ಮುಳಬಾಗಿಲು ತಾಲೂಕು

ನನಗೆ ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಅಳೆಯುವುದೇ ತಪ್ಪು ಅಂತ ನಾನು ಎದೆ ತಟ್ಟಿ ಹೇಳಲಾರೆ. ಆದರೆ ಐದು ಗಂಟೆಗೆ ಏಳುವ ಸೋಮಾರಿತನದ ಮಾತು ಓದಿ ನಗು ಬಂತು. ನಾನು ಇಪ್ಪತ್ತೆರಡು ವರ್ಷ ನಾಲ್ಕೂವರೆಗೇ ಎದ್ದವನು.

ಮೊದಲು ಲೆಕ್ಕ ನೋಡಿ. ನಮ್ಮಲ್ಲಿ ಹಾಲು ಕರೆಯುವುದು ಐದೂವರೆಯಿಂದ ಏಳರೊಳಗೆ. ಒಬ್ಬ ಮನುಷ್ಯ ಒಂದು ಬೆಳಿಗ್ಗೆ ಎರಡು ಮನೆ ನೋಡಬಹುದು, ಹೆಚ್ಚೆಂದರೆ ಮೂರು. ಇಪ್ಪತ್ತು ಮನೆಯನ್ನು ಮೂರು ಸಲ ನೋಡಲು ಎಷ್ಟು ಬೆಳಗು ಬೇಕು? ಆ ಗಾಡಿ ಬಾಡಿಗೆ, ಭತ್ಯೆಯಲ್ಲಿ ಅಯೋಡಿನ್ ದ್ರಾವಣವನ್ನೇ ಕ್ಯಾನುಗಟ್ಟಲೆ ತರಿಸಿ ಡೈರಿಯಲ್ಲಿ ಇಡಬಹುದಿತ್ತು. ಬಾಟಲಿ ಮುಗಿದರೆ ಊರಲ್ಲಿ ಸಿಗುವುದಿಲ್ಲ ಅನ್ನುವುದನ್ನು ಕಂಡುಹಿಡಿಯಲು ಚೀಟಿ ಎತ್ತಬೇಕಿತ್ತಾ? ನನ್ನನ್ನು ಕೇಳಿದ್ದರೆ ಟೀ ಕುಡಿಯುವಷ್ಟರಲ್ಲಿ ಹೇಳುತ್ತಿದ್ದೆ. ಇನ್ನು ಹೋಲಿಕೆಗೆ ಎರಡು ಹಳ್ಳಿಯಂತೆ, ನಾವೇನು ಪ್ರಯೋಗಶಾಲೆಯ ಇಲಿಗಳಾ? ಬಾಟಲಿಗೆ ಗೀಟು ಎಳೆದು ಬರುವುದಂತೂ ಸೊಸೆ ತುಪ್ಪದ ಡಬ್ಬಿ ಮುಟ್ಟಿದಳಾ ಅಂತ ಅತ್ತೆ ಗುರುತು ಮಾಡಿಟ್ಟ ಹಾಗಾಯಿತು.

ಇನ್ನೊಂದು ವಿಷಯ. ತರಬೇತಿ ಸರಿಯಾಯಿತಾ ಅಂತ ನೋಡಲು ಶುರುವಾದ ಎಣಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಒಂದು ಕಡೆ ‘ಕೈ ತೊಳೆಯದವರು’ ಅಂತ ಮನೆಗಳ ಹೆಸರು ಬರೆದ ಹಾಳೆ ಗೋಡೆಗೆ ಬಂತು. ಆಮೇಲೆ ಅಲ್ಲಿ ಯಾರೂ ಕೊಟ್ಟಿಗೆ ಬಾಗಿಲು ತೆಗೆಯಲಿಲ್ಲ.

ನಮ್ಮ ಮನೆಗೂ ಒಂದು ಸಲ ಬಂದಿದ್ದರು. ಹೇಳದೆ ಬಂದೆವು ಅಂತ ಅವರ ನಂಬಿಕೆ. ಆದರೆ ಜೀಪು ಊರ ಬಾಗಿಲಿಗೆ ಬರುವಷ್ಟರಲ್ಲಿ ಮೂರು ಫೋನ್ ಬಂದಿತ್ತು. ನಮ್ಮವಳು ಒಗೆದ ಸೀರೆ ಉಟ್ಟು, ಹಬ್ಬಕ್ಕೆ ಇಟ್ಟ ಸ್ಟೀಲ್ ಬಕೆಟ್ ತೆಗೆದಳು. ಕೆಚ್ಚಲನ್ನು ಬೆಚ್ಚಗಿನ ನೀರಲ್ಲಿ ತೊಳೆದಳು, ಬಟ್ಟೆಯಲ್ಲಿ ಒರೆಸಿದಳು. ಮೊದಲ ಎರಡು ಧಾರೆ ಬೇರೆ ಲೋಟಕ್ಕೆ ಬಿಟ್ಟಳು. ಹಾಳೆ ಹಿಡಿದವರು ಎಲ್ಲದಕ್ಕೂ ರೈಟ್ ಹಾಕಿದರು.

ಹಾಕಿದ್ದೇನೋ ಸರಿ, ಹಸು ಸೊರೆ ಬಿಡಲಿಲ್ಲ. ಎಚ್ಎಫ್ ತಳಿಯದು, ಮೊದಲೇ ಪುಕ್ಕಲು. ಕೊಟ್ಟಿಗೆಯಲ್ಲಿ ಗುರುತಿಲ್ಲದ ಇಬ್ಬರು ನಿಂತಿದ್ದಾರೆ, ಒಬ್ಬರ ಕೈಲಿ ಟಾರ್ಚು. ಹೆದರಿದ ಹಸು ಹಾಲು ಮೇಲೆ ಎಳೆದುಕೊಳ್ಳುತ್ತದೆ, ಇದು ಯಾವ ರೈತನಿಗಾದರೂ ಗೊತ್ತು. ದಿನಾ ಎಂಟು ಲೀಟರ್ ಕೊಡುವವಳು ಅವತ್ತು ಎರಡಕ್ಕೆ ನಿಲ್ಲಿಸಿದಳು. ನಮ್ಮವಳು ಮುಖ ಗಂಟು ಹಾಕಿಕೊಂಡೇ ನಾಲ್ಕೂ ಮೊಲೆಗಳನ್ನು ಲೋಟದಲ್ಲಿ ಅದ್ದಿದಳು. ಅದಕ್ಕೂ ರೈಟ್ ಬಿತ್ತು. ಕಾಫಿ ಕುಡಿದು, ‘ನಿಮ್ಮದು ಮಾದರಿ ಕೊಟ್ಟಿಗೆ’ ಅಂತ ಹೇಳಿ ಹೊರಟರು.

ಜೀಪು ತಿರುವು ದಾಟಿದ ಮೇಲೆ ಕರು ಬಿಟ್ಟೆವು. ಹಸು ಆರಾಮಾಗಿ ಸೊರೆ ಬಿಟ್ಟಳು, ಉಳಿದ ಆರು ಲೀಟರ್ ಹಳೇ ಪ್ಲಾಸ್ಟಿಕ್ ಬಕೆಟ್ಟಿಗೆ ಬಂತು. ಆ ಎರಡನೇ ಸಲ ಅದ್ದಿದೆವಾ ಇಲ್ಲವಾ ಅಂತ ಮಾತ್ರ ಕೇಳಬೇಡಿ, ಡೈರಿಗೆ ಹೊತ್ತಾಗಿತ್ತು.